ವಸ್ತು ಬೇಡ, ವೇಳೆ ಬೇಕು ಎನ್ನುವ ಸಂಗಾತಿಗೆ ಏನು ಕೊಡಬೇಕು?

ಹುಟ್ಟುಹಬ್ಬ ಹತ್ತಿರ ಬರುತ್ತಿದ್ದಂತೆ ಅಂಗಡಿ ಅಂಗಡಿ ಅಲೆದು ಒಂದು ಸೀರೆ ಆರಿಸಿರುತ್ತೀರಿ. ಹೆಂಡತಿ ಪೊಟ್ಟಣ ಬಿಚ್ಚಿ ನೋಡುತ್ತಾಳೆ. "ಚೆನ್ನಾಗಿದೆ ರೀ, ಯಾಕೆ ಇಷ್ಟೊಂದು ಖರ್ಚು ಮಾಡೋಕೆ ಹೋದ್ರಿ" ಎನ್ನುತ್ತಾಳೆ. ಸೀರೆ ಬೀರು ಸೇರುತ್ತದೆ. ಅವಳ ಮಾತಿನಲ್ಲಿ ಸುಳ್ಳಿಲ್ಲ, ಆದರೆ ನೀವು ಕಾಯುತ್ತಿದ್ದ ಆ ಹೊಳಪು ಕಣ್ಣಲ್ಲಿ ಕಾಣಲಿಲ್ಲ. ಎಷ್ಟೋ ಮನೆಗಳಲ್ಲಿ ಇದೇ ಕಥೆ ತಿರುವುಮುರುವಾಗಿ ನಡೆಯುತ್ತದೆ. ಹೆಂಡತಿ ಸಂಬಳದಲ್ಲಿ ಉಳಿಸಿ ಗಂಡನಿಗೆ ವಾಚು ತರುತ್ತಾಳೆ, ಅವನು ಎರಡು ದಿನ ಕಟ್ಟಿ ಮೇಜಿನ ಡ್ರಾಯರಿನಲ್ಲಿ ಇಡುತ್ತಾನೆ. ಕೊಟ್ಟವರಿಗೆ ಬೇಸರ. ಪಡೆದವರಿಗೂ ಒಂದು ಬಗೆಯ ಅಪರಾಧಿ ಭಾವ. ಇಬ್ಬರ ಪ್ರೀತಿಯಲ್ಲೂ ಕೊರತೆಯಿಲ್ಲದೆ ಇಂಥದ್ದು ಆಗುತ್ತದೆ.

ನಿಮ್ಮ ಮನೆಯಲ್ಲೂ ಹೀಗಾಗುತ್ತಿದ್ದರೆ, ಸಂಗಾತಿಗೆ ವಸ್ತುವಿಗಿಂತ ನಿಮ್ಮ ಜೊತೆಗಿನ ಸಮಯವೇ ದೊಡ್ಡದು ಎಂದಿರಬಹುದು. ಅಂಥವರಿಗೆ ಉಡುಗೊರೆ ಕೊಡುವುದನ್ನೇ ನಿಲ್ಲಿಸಬೇಕಿಲ್ಲ. ಆರಿಸುವ ಕ್ರಮ ಬದಲಾಗಬೇಕು, ಅಷ್ಟೆ.

ಮೊದಲು ಒಂದಿಷ್ಟು ಹಿನ್ನೆಲೆ

'ಪ್ರೀತಿಯ ಭಾಷೆ' ಎಂಬ ಮಾತನ್ನು ಜನಪ್ರಿಯಗೊಳಿಸಿದವರು ಅಮೆರಿಕದ ನಾರ್ತ್ ಕೆರೊಲಿನಾದ ಪಾದ್ರಿ ಗ್ಯಾರಿ ಚಾಪ್‌ಮನ್. ತಮ್ಮ ಬಳಿ ಸಲಹೆಗೆ ಬರುತ್ತಿದ್ದ ದಂಪತಿಗಳ ದೂರುಗಳನ್ನು ಆಧಾರವಾಗಿಟ್ಟುಕೊಂಡು 1992ರಲ್ಲಿ ಅವರು ಪುಸ್ತಕ ಬರೆದರು. ಮೆಚ್ಚುಗೆಯ ಮಾತು, ಜೊತೆಗೆ ಕಳೆಯುವ ಸಮಯ, ಉಡುಗೊರೆ, ಕೆಲಸದಲ್ಲಿ ನೆರವು, ಸ್ಪರ್ಶ ಎಂದು ಪ್ರೀತಿ ತೋರುವ ಬಗೆಗಳನ್ನು ಐದಾಗಿ ವಿಂಗಡಿಸಿದರು. ಪ್ರತಿಯೊಬ್ಬರಿಗೂ ಇವುಗಳಲ್ಲಿ ಒಂದು ಮುಖ್ಯ ಎಂಬುದು ಅವರ ವಾದ.

ಈ ವಾದವನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕಿಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಎಮಿಲಿ ಇಂಪೆಟ್ ಮತ್ತು ಸಂಗಡಿಗರು ಇದುವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ 2024ರಲ್ಲಿ ಲೇಖನ ಪ್ರಕಟಿಸಿದರು. ಐದರಲ್ಲಿ ಒಂದನ್ನು ಆರಿಸಿ ಎಂದರೆ ಜನ ಒಂದನ್ನು ಆರಿಸುತ್ತಾರೆ. ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಿದರೆ ಎಲ್ಲವೂ ಬೇಕೆನ್ನುತ್ತಾರೆ. ಇಬ್ಬರ 'ಭಾಷೆ' ಒಂದೇ ಆದರೆ ಸಂಸಾರ ಹೆಚ್ಚು ಸುಖವಾಗಿರುತ್ತದೆ ಎನ್ನುವುದಕ್ಕೂ ಗಟ್ಟಿ ಆಧಾರ ಸಿಗಲಿಲ್ಲ. ಹಾಗಾಗಿ ಜಾಲತಾಣದ ಪ್ರಶ್ನಾವಳಿ ತುಂಬಿಸಿ 'ನನ್ನವಳು ಸಮಯದವಳು' ಎಂದು ಹಣೆಪಟ್ಟಿ ಅಂಟಿಸುವುದು ಬೇಡ. ಈಗ, ಈ ವರ್ಷ, ಈ ಮನೆಯಲ್ಲಿ ಸಂಗಾತಿಗೆ ಯಾವುದು ಸಾಲುತ್ತಿಲ್ಲ ಎಂದು ಗುರುತಿಸಲು ಆ ವಿಂಗಡಣೆಯನ್ನು ಬಳಸಿಕೊಳ್ಳಿ.

ಉಡುಗೊರೆಯಿಂದ ಪ್ರೀತಿ ತೋರುವವರ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಅವರನ್ನು ದುಡ್ಡಿನ ಮೋಹದವರು ಎಂದು ತಿಳಿಯುವುದು ಅನ್ಯಾಯ. 'ನೀನು ಎದುರಿಗೆ ಇಲ್ಲದಾಗಲೂ ನನಗೆ ನೆನಪಾದೆ' ಎಂಬುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ ಅವರಿಗೆ ಬೇಕು. ಸಮಯ ಬಯಸುವವರಿಗೆ ಅದೇ ಮಾತಿನ ಸಾಕ್ಷಿ ಬೇರೆ ಕಡೆ ಸಿಗುತ್ತದೆ. ನೀವು ಎದುರಿಗಿದ್ದಾಗ ಮನಸ್ಸೂ ಅಲ್ಲೇ ಇದೆಯೇ ಎಂದು ಅವರು ನೋಡುತ್ತಾರೆ.

ಒಳ್ಳೆಯ ಉಡುಗೊರೆ ಸೋಲುವುದೇಕೆ?

ಕೊಡುವವರ ಕಣ್ಣು ಪೊಟ್ಟಣ ಬಿಚ್ಚುವ ಕ್ಷಣದ ಮೇಲಿರುತ್ತದೆ. ಪಡೆಯುವವರ ಕಣ್ಣು ಆಮೇಲಿನ ದಿನಗಳ ಮೇಲೆ. ಉಡುಗೊರೆಗಳ ಮನಶ್ಶಾಸ್ತ್ರವನ್ನು ಅಧ್ಯಯನ ಮಾಡಿದ ಜೆಫ್ ಗಲಾಕ್, ಜೂಲಿಯನ್ ಗಿವಿ ಮತ್ತು ಎಲನೋರ್ ವಿಲಿಯಮ್ಸ್ 2016ರ ತಮ್ಮ ಲೇಖನದಲ್ಲಿ ಕೊಡುವವರು ಮಾಡುವ ಬಹುಪಾಲು ತಪ್ಪುಗಳಿಗೆ ಈ ವ್ಯತ್ಯಾಸವೇ ಮೂಲ ಎಂದರು. ಅದಕ್ಕೂ ಎರಡು ವರ್ಷ ಮೊದಲು ಅರ್ನೆಸ್ಟ್ ಬಾಸ್ಕಿನ್ ಮತ್ತು ಸಂಗಡಿಗರು ಇದರ ಇನ್ನೊಂದು ಮುಖ ತೋರಿಸಿದ್ದರು. ಕೊಡುವವರು ದೂರದ ಹೆಸರಾಂತ ಹೋಟೆಲನ್ನು ಆರಿಸುತ್ತಾರೆ. ಪಡೆಯುವವರಿಗೆ ಹತ್ತಿರದ, ಸಾಕಷ್ಟು ಚೆನ್ನಾಗಿರುವ ಹೋಟೆಲೇ ಇಷ್ಟ. ಅಲ್ಲಿಗೆ ಹೋಗಿಬರುವ ಶ್ರಮ ಅವರದು ತಾನೆ.

ಸಮಯವನ್ನೇ ಬಯಸುವ ಸಂಗಾತಿಯ ವಿಷಯದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಅನೇಕ ವಸ್ತುಗಳು ಸಮಯ ಕೇಳುತ್ತವೆ. ಹತ್ತು ಬಿಡಿಭಾಗಗಳನ್ನು ತೊಳೆದು ಒರೆಸಬೇಕಾದ ಜ್ಯೂಸರ್, ದಿನಾ ನೀರು ಬೇಡುವ ಹೂಗಿಡಗಳ ಸಾಲು, ಬೆಳಗ್ಗೆ ಎದ್ದು ಓಡಬೇಕಾದ ಜಿಮ್ಮಿನ ಸದಸ್ಯತ್ವ, ಫಾಲ್ಸ್ ಹಾಕಿಸಿ ಬ್ಲೌಸ್ ಹೊಲಿಸಲು ದರ್ಜಿಯ ಅಂಗಡಿಗೆ ಮೂರು ಸಲ ತಿರುಗಬೇಕಾದ ಸೀರೆ. ನೀವು ಪ್ರೀತಿಯಿಂದಲೇ ತಂದಿರುತ್ತೀರಿ. ಅವರ ಕೈಗೆ ಬರುವಾಗ ಅದು ಇನ್ನೊಂದು ಕೆಲಸವಾಗಿರುತ್ತದೆ. ಆದ್ದರಿಂದ ಏನನ್ನೇ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಅವರ ವಾರದಿಂದ ಹೊತ್ತನ್ನು ಕೀಳುತ್ತದೆಯೋ, ವಾರಕ್ಕೆ ಹೊತ್ತನ್ನು ಸೇರಿಸುತ್ತದೆಯೋ?

ಹೊತ್ತನ್ನು ಸೇರಿಸುವ ಖರ್ಚಿನ ಬಗ್ಗೆ ಒಂದು ಪ್ರಯೋಗ ನಡೆದಿದೆ. ಆಶ್ಲಿ ವಿಲ್ಲನ್ಸ್ ಮತ್ತು ಸಂಗಡಿಗರು ಕೆನಡಾದ ವ್ಯಾಂಕೂವರಿನಲ್ಲಿ 60 ಮಂದಿ ದುಡಿಯುವ ವಯಸ್ಕರಿಗೆ ಎರಡು ವಾರಾಂತ್ಯಗಳಲ್ಲಿ ತಲಾ 40 ಡಾಲರ್ ಕೊಟ್ಟರು. ಒಂದು ವಾರಾಂತ್ಯ ಆ ಹಣವನ್ನು ಸಮಯ ಉಳಿಸುವ ಯಾವುದಾದರೂ ಸೇವೆಗೆ, ಇನ್ನೊಂದು ವಾರಾಂತ್ಯ ವಸ್ತುವಿಗೆ ಖರ್ಚು ಮಾಡಬೇಕಿತ್ತು. ಸಮಯ ಉಳಿಸಿಕೊಂಡ ದಿನ ಅವರ ಮನಸ್ಸು ಹೆಚ್ಚು ಹಗುರವಾಗಿತ್ತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ನಮಗೆ ಬೇಕಾದ ಪಾಠ ಸರಳವಾದದ್ದು. ಬಿಡುವಾಗಿರುವ ಒಂದು ಸಂಜೆ ತಾನಾಗಿ ಇರುವುದಿಲ್ಲ, ಯಾರೋ ಕೆಲಸ ತೆಗೆದು ಅದನ್ನು ಬಿಡುವು ಮಾಡಿಕೊಡಬೇಕು. ಹಾಗೆ ಬಿಡುವು ಮಾಡಿಕೊಡುವ ದುಡಿಮೆಯೇ ಉಡುಗೊರೆಯ ಮುಕ್ಕಾಲು ಪಾಲು ಎಂಬುದು ನನ್ನ ಖಚಿತ ಅಭಿಪ್ರಾಯ. ಟಿಕೆಟು, ಊಟ, ಊರು ಇವೆಲ್ಲ ಉಳಿದ ಕಾಲು ಪಾಲು.

ಯಾವ ಬಗೆಯ ಸಮಯ?

'ನಿಮ್ಮ ಟೈಮ್ ಬೇಕು' ಎನ್ನುವವರೆಲ್ಲ ಒಂದೇ ವಸ್ತುವನ್ನು ಕೇಳುತ್ತಿರುವುದಿಲ್ಲ. ಇಲ್ಲಿ ಎಡವಿದರೆ ಮುಂದಿನ ತಯಾರಿಯೆಲ್ಲ ವ್ಯರ್ಥ. ಹಾಗಾಗಿ ಉಡುಗೊರೆಯ ದಿನಕ್ಕೆ ಒಂದು ತಿಂಗಳು ಇರುವಾಗಲೇ ಅವರ ದೂರುಗಳನ್ನು ಗಮನವಿಟ್ಟು ಕೇಳಲು ಶುರುಮಾಡಿ.

"ನಾನು ಹೇಳ್ತಾ ಇರ್ತೀನಿ, ನೀವು ಫೋನ್ ನೋಡ್ತಾ ಇರ್ತೀರ" ಎನ್ನುವವರಿಗೆ ಬೇಕಾದದ್ದು ಮಾತಿನ ಸಮಯ. ಅವರನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿ ಮೂರು ಗಂಟೆ ಕತ್ತಲಲ್ಲಿ ಕೂರಿಸಿದರೆ ಕೊರತೆ ನೀಗುವುದಿಲ್ಲ. "ಮದುವೆಗೆ ಮುಂಚೆ ಎಷ್ಟು ನಾಟಕ ನೋಡ್ತಿದ್ವಿ" ಎನ್ನುವವರಿಗೆ ಬೇಕಾದದ್ದು ಜೊತೆಯಾಗಿ ಏನನ್ನಾದರೂ ಮಾಡುವ ಸಮಯ. ಇಬ್ಬರೂ ಒಂದೇ ಕಡೆ ನೋಡುತ್ತಾ, ಒಂದೇ ವಿಷಯಕ್ಕೆ ನಗುತ್ತಾ ಇರುವುದು ಅವರಿಗೆ ಮುಖ್ಯ. ಚಾಪ್‌ಮನ್ ಕೂಡ ಈ ಎರಡನ್ನು ಬೇರೆಬೇರೆಯಾಗಿಯೇ ಹೇಳಿದ್ದಾರೆ. ಮೂರನೆಯ ಬಗೆಯವರು ಇನ್ನೂ ಕಡಿಮೆ ಕೇಳುತ್ತಾರೆ. "ಒಂದಿನ ಆಫೀಸಿಂದ ಬೇಗ ಬನ್ನಿ" ಎನ್ನುತ್ತಾರೆ. ನೀವು ಮನೆಯಲ್ಲಿದ್ದರೆ ಸಾಕು, ಒಂದೇ ಕೋಣೆಯಲ್ಲಿ ಅವರು ಪುಸ್ತಕ ಓದುತ್ತಾ ನೀವು ಪೇಪರ್ ನೋಡುತ್ತಾ ಇದ್ದರೂ ತೃಪ್ತಿ.

ನಾಲ್ಕನೆಯದನ್ನು ನಾವು ಗುರುತಿಸುವುದೇ ಕಡಿಮೆ. "ನನಗೆ ಒಂದು ಗಳಿಗೆ ಪುರುಸೊತ್ತಿಲ್ಲ" ಎಂಬ ಮಾತು ದಿನಾ ಬರುತ್ತಿದ್ದರೆ ಅವರು ಕೇಳುತ್ತಿರುವುದು ತಮ್ಮದೇ ಸಮಯವನ್ನು. ಎರಡು ವರ್ಷದ ಮಗುವಿನ ತಾಯಿಗೆ, ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತಿರುವ ಗಂಡನಿಗೆ, ನಿಮ್ಮೊಂದಿಗಿನ ಡಿನ್ನರ್‌ಗಿಂತ ಯಾರೂ ಕರೆಯದ ಮೂರು ಗಂಟೆ ದೊಡ್ಡ ಉಡುಗೊರೆ. ಅದನ್ನು ಕೊಟ್ಟು ನೀವು ಪಕ್ಕಕ್ಕೆ ಸರಿಯಬೇಕು. ಇದರಿಂದ ದೂರವಾಗುತ್ತೇವೆಂಬ ಭಯ ಬೇಡ. ಸಿಂಡಿ ಚಾನ್ ಮತ್ತು ಕ್ಯಾಸಿ ಮೊಗಿಲ್ನರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನುಭವದ ಉಡುಗೊರೆಗಳು ವಸ್ತುಗಳಿಗಿಂತ ಹೆಚ್ಚಾಗಿ ಸಂಬಂಧವನ್ನು ಗಟ್ಟಿಗೊಳಿಸಿದವು. ಕೊಟ್ಟವರು ಆ ಅನುಭವದಲ್ಲಿ ಜೊತೆಗಿರದಿದ್ದಾಗಲೂ ಹೀಗಾಯಿತು.

ಒಂದು ಉದಾಹರಣೆ: ಎರಡನೇ ಶನಿವಾರದ ನಾಟಕ

ಬೆಂಗಳೂರಿನ ರಾಜಾಜಿನಗರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹೆಂಡತಿ ಬ್ಯಾಂಕ್ ಉದ್ಯೋಗಿ, ಗಂಡ ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾನೆ. ಏಳು ವರ್ಷದ ಮಗನಿದ್ದಾನೆ, ಗಂಡನ ತಾಯಿ ಜೊತೆಗಿದ್ದಾರೆ. ಹೆಂಡತಿಗೆ ಹಿಂದೆ ನಾಟಕದ ಹುಚ್ಚು, ಮಗು ಹುಟ್ಟಿದ ಮೇಲೆ ಒಂದನ್ನೂ ನೋಡಿಲ್ಲ. ಅವಳ ಹುಟ್ಟುಹಬ್ಬಕ್ಕೆ ಗಂಡ ಏನು ಮಾಡಬಹುದು?

1. ದಿನ ಹಿಡಿಯಿರಿ. ಹುಟ್ಟುಹಬ್ಬ ಬುಧವಾರ ಬಂದಿದೆ ಎಂದುಕೊಳ್ಳಿ. ಬುಧವಾರವೇ ಆಗಬೇಕೆಂದು ಹಟ ಹಿಡಿದರೆ ಅವಳು ಬ್ಯಾಂಕಿನಿಂದ ದಣಿದು ಬಂದ ಮೇಲೆ ಉಳಿಯುವುದು ಒಂದೂವರೆ ಗಂಟೆ. ಬ್ಯಾಂಕುಗಳಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅದರ ಮರುದಿನ ಭಾನುವಾರ, ತಡವಾಗಿ ಮಲಗಿದರೂ ಬೆಳಗ್ಗೆ ಓಡಬೇಕಿಲ್ಲ. ಹಾಗಾಗಿ ಎರಡನೇ ಶನಿವಾರವೇ ಸರಿ. ಬ್ಯಾಂಕಿನವರಿಗೆ ಮಾರ್ಚ್ ಕೊನೆ, ಶಿಕ್ಷಕರಿಗೆ ಪರೀಕ್ಷೆ ಮತ್ತು ಮೌಲ್ಯಮಾಪನದ ವಾರಗಳು, ರೈತರ ಮನೆಯಲ್ಲಿ ಕೊಯ್ಲಿನ ದಿನಗಳು. ಇಂಥವನ್ನು ಬಿಟ್ಟು ದಿನ ಆರಿಸಿ. ಹುಟ್ಟುಹಬ್ಬದ ದಿನ ಒಂದು ಚೀಟಿ ಮಾತ್ರ ಕೊಡಿ: 'ಬರುವ ಶನಿವಾರ ಬೆಳಗ್ಗೆಯಿಂದ ರಾತ್ರಿ ತನಕ ನಿನ್ನದು, ಸಂಜೆ ನಾವಿಬ್ಬರೇ ಹೊರಗೆ.'

2. ಹತ್ತಿರದ್ದನ್ನು ಆರಿಸಿ. ನಗರದಾಚೆಯ ರೆಸಾರ್ಟ್ ಎಂದರೆ ಪ್ಯಾಕಿಂಗ್, ಮಗನ ಬಟ್ಟೆ, ಅತ್ತೆಯ ಮಾತ್ರೆಗಳ ಲೆಕ್ಕ, ದಾರಿಯ ಟ್ರಾಫಿಕ್. ಇವೆಲ್ಲ ಯಾರ ತಲೆಯ ಮೇಲೆ ಬೀಳುತ್ತವೆ ಎಂದು ಯೋಚಿಸಿ. ಜೆ.ಪಿ. ನಗರದ ರಂಗಶಂಕರಕ್ಕೆ ರಾಜಾಜಿನಗರದಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ನೇರವಾಗಿ ಜೆ.ಪಿ. ನಗರ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿಯಬಹುದು. ಬದಲಾಯಿಸುವ ಗೋಜಿಲ್ಲ, ಪಾರ್ಕಿಂಗ್ ಹುಡುಕಾಟವಿಲ್ಲ. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ತೆರೆದ ಈ ರಂಗಮಂದಿರದ ಶಿಸ್ತು ನಮ್ಮ ಉದ್ದೇಶಕ್ಕೆ ಚೆನ್ನಾಗಿ ಹೊಂದುತ್ತದೆ. ಸಂಜೆಯ ಪ್ರದರ್ಶನ 7.30ಕ್ಕೆ ಸರಿಯಾಗಿ ಶುರು, ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. 'ಆಫೀಸಿನಿಂದ ಒಂದು ಕಾಲ್ ಇತ್ತು, ಹತ್ತು ನಿಮಿಷ' ಎನ್ನುವ ನೆಪಕ್ಕೆ ಅಲ್ಲಿ ಜಾಗವೇ ಇಲ್ಲ. ಮನೆಯಿಂದ 5.30ಕ್ಕೇ ಹೊರಡಿ. ಬೇಗ ತಲುಪಿದರೆ ನಷ್ಟವಿಲ್ಲ, ನಾಟಕಕ್ಕೆ ಮುಂಚೆ ಕೂತು ಕಾಫಿ ಕುಡಿಯುವ ಆ ಮುಕ್ಕಾಲು ಗಂಟೆಯಲ್ಲಿ ಮಾತಾಡಬಹುದು. ನಾಟಕ ಯಾವುದೆಂದು ಅವಳನ್ನೇ ಕೇಳುವುದರಲ್ಲಿ ತಪ್ಪಿಲ್ಲ. ಕೇಳಿದ್ದನ್ನೇ ಕೊಟ್ಟರೆ ಸ್ವಾರಸ್ಯ ಹೋಗುತ್ತದೆ ಎಂದು ಕೊಡುವವರು ಅಂದುಕೊಳ್ಳುತ್ತಾರೆ. ಫ್ರಾನ್ಸೆಸ್ಕಾ ಜಿನೊ ಮತ್ತು ಫ್ರಾನ್ಸಿಸ್ ಫ್ಲಿನ್ 2011ರಲ್ಲಿ ತೋರಿಸಿದಂತೆ, ಪಡೆಯುವವರು ತಾವು ಕೇಳಿದ್ದು ಸಿಕ್ಕಾಗಲೇ ಹೆಚ್ಚು ಮೆಚ್ಚುತ್ತಾರೆ.

3. ಆ ದಿನದ ಕೆಲಸಗಳನ್ನು ಪಟ್ಟಿ ಮಾಡಿ, ಮೊದಲೇ ಮುಗಿಸಿ. ಇದೇ ನಿಜವಾದ ಉಡುಗೊರೆ, ಇಲ್ಲಿ ಸ್ವಲ್ಪ ನಿಲ್ಲೋಣ. ರಜೆಯ ಶನಿವಾರ ಅವಳ ಪಾಲಿಗೆ ರಜೆಯಲ್ಲ. ವಾರದ ಬಟ್ಟೆ ಒಗೆಯುವುದು, ಮಗನ ಯೂನಿಫಾರ್ಮ್ ಇಸ್ತ್ರಿಗೆ ಕೊಡುವುದು, ಫ್ರಿಜ್ ಸ್ವಚ್ಛ ಮಾಡುವುದು, ತರಕಾರಿ ತರುವುದು, ಭಾನುವಾರದ ದೋಸೆಗೆ ಅಕ್ಕಿ ನೆನೆಸಿ ರುಬ್ಬುವುದು, ಅತ್ತೆಯ ಬಿ.ಪಿ. ಮಾತ್ರೆ ಮುಗಿದಿದೆಯೇ ನೋಡುವುದು, ಮಗನ ಪ್ರಾಜೆಕ್ಟ್ ಕೆಲಸ. ಹಿಂದಿನ ರಜೆಯ ಶನಿವಾರ ಅವಳು ಬೆಳಗ್ಗೆಯಿಂದ ಏನೇನು ಮಾಡಿದಳು ಎಂದು ಗಂಡ ಗಮನಿಸಿ ಬರೆದುಕೊಂಡರೆ ಈ ಪಟ್ಟಿ ಸಿಗುತ್ತದೆ. ನೆನಪಿನಿಂದ ಬರೆಯಲು ಹೋದರೆ ಅರ್ಧ ಬಿಟ್ಟುಹೋಗುತ್ತದೆ.

ಗುರುವಾರ ರಾತ್ರಿ ಬಟ್ಟೆ ಮಷಿನ್ನಿಗೆ ಹಾಕಿ, ಶುಕ್ರವಾರ ಬೆಳಗ್ಗೆ ಇಸ್ತ್ರಿಗೆ ಕೊಡಿ. ಗುರುವಾರವೇ ಮೆಡಿಕಲ್ ಸ್ಟೋರ್‌ಗೆ ಹೋಗಿ ಬನ್ನಿ. ಶುಕ್ರವಾರ ಆಫೀಸಿನಿಂದ ಬರುವಾಗ ತರಕಾರಿ ತನ್ನಿ. ಶನಿವಾರ ಬೆಳಗ್ಗೆ ಮೂರು ಅಳತೆ ದೋಸೆ ಅಕ್ಕಿಗೆ ಒಂದು ಅಳತೆ ಉದ್ದು, ಒಂದು ಚಮಚ ಮೆಂತ್ಯ ನೆನೆಹಾಕಿ, ಮಧ್ಯಾಹ್ನ ರುಬ್ಬಿ ಇಟ್ಟರೆ ಭಾನುವಾರ ಬೆಳಗಾಗುವುದರೊಳಗೆ ಹುಳಿ ಬರುತ್ತದೆ. ಗ್ರೈಂಡರ್ ತೊಳೆದಿಡುವುದೂ ಈ ಕೆಲಸದಲ್ಲೇ ಸೇರಿದೆ. ಇದನ್ನೆಲ್ಲ ಮಾಡುವಾಗ ಒಂದು ನಿಯಮ ಕಟ್ಟುನಿಟ್ಟಾಗಿ ಪಾಲಿಸಿ: ಅವಳನ್ನು ಕೇಳಬೇಡಿ. 'ಉದ್ದು ಎಷ್ಟು ಹಾಕಲಿ? ಯೂನಿಫಾರ್ಮ್ ಎಲ್ಲಿದೆ? ಮಾತ್ರೆಯ ಹೆಸರೇನು?' ಎಂದು ಪ್ರತಿ ಸಲ ಕೇಳಿದಾಗಲೂ ಕೆಲಸದ ಯೋಚನೆ ಅವಳ ತಲೆಯಲ್ಲೇ ಉಳಿಯುತ್ತದೆ, ಕೈ ಮಾತ್ರ ನಿಮ್ಮದು. ಅಮ್ಮನನ್ನು ಕೇಳಿ, ಡಬ್ಬಿಗಳನ್ನು ತೆರೆದು ನೋಡಿ, ಹಳೆಯ ಮಾತ್ರೆಯ ಪಟ್ಟಿ ಹಿಡಿದುಕೊಂಡು ಅಂಗಡಿಗೆ ಹೋಗಿ.

4. ಮನೆಯ ಹಿರಿಯರಿಗೆ ಹೇಳುವ ಹೊಣೆ ನಿಮ್ಮದು. 'ನಾಟಕಕ್ಕೆ ಹೋಗ್ತೀವಿ' ಎಂದು ಅತ್ತೆಗೆ ಸೊಸೆ ಹೇಳಬೇಕಾಗಿ ಬಂದರೆ ಅವಳ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ, ಸಂಜೆಯಿಡೀ ಕೊರೆಯುತ್ತದೆ. ಮಗನೇ ಎರಡು ದಿನ ಮೊದಲು ಹೇಳಲಿ: "ಅಮ್ಮಾ, ಶನಿವಾರ ಸಂಜೆ ನಾವಿಬ್ರು ನಾಟಕಕ್ಕೆ ಹೋಗ್ತಾ ಇದೀವಿ. ರಾತ್ರಿ ಬರೋದು ಹನ್ನೊಂದಾಗಬಹುದು. ಸಾರು, ಪಲ್ಯ ನಾನೇ ಮಾಡಿಟ್ಟಿರ್ತೀನಿ. ಅನ್ನ ಕುಕ್ಕರಿಗೆ ಇಟ್ಟು ಪುಟ್ಟನ್ನ ಒಂಬತ್ತಕ್ಕೆ ಮಲಗಿಸಿಬಿಡಿ." ಅಮ್ಮನಿಗೆ ಆರೋಗ್ಯ ಸರಿಯಿಲ್ಲದಿದ್ದರೆ ಅಕ್ಕನನ್ನೋ ಪಕ್ಕದ ಮನೆಯವರನ್ನೋ ಮುಂಚಿತವಾಗಿ ಕೇಳಿಕೊಂಡಿರಿ. ಕೊನೆ ಗಳಿಗೆಯ ಅಡಚಣೆ ಬರುವುದು ಹೆಚ್ಚಾಗಿ ಇಲ್ಲಿಂದಲೇ.

5. ಆ ದಿನ ಅಲ್ಲೇ ಇರಿ. ಫೋನು ಸೈಲೆಂಟಿನಲ್ಲಿ, ಜೇಬಿನಲ್ಲಲ್ಲ, ಚೀಲದಲ್ಲಿ. ಮನೆಯವರು ಕರೆದರೆ ಕೇಳಿಸುವಂತೆ ಒಬ್ಬರ ಫೋನಿನಲ್ಲಿ ಅಮ್ಮನ ನಂಬರಿಗೆ ಮಾತ್ರ ಶಬ್ದ ಬರುವ ಹಾಗೆ ಮಾಡಿಕೊಳ್ಳಬಹುದು. ರಂಗಮಂದಿರದ ಒಳಗೆ ಅದೂ ಬೇಡ. ನಾಟಕ ಮುಗಿದ ಮೇಲೆ ತಕ್ಷಣ ಆಟೊ ಹತ್ತಬೇಡಿ. ಅಲ್ಲೇ ಸ್ವಲ್ಪ ನಡೆಯಿರಿ. ಈಗ ನೋಡಿದ್ದರ ಬಗ್ಗೆ ಮಾತು ಹೊರಡುವುದು ಆಗಲೇ. ಮಗನ ಫೀಸು, ಸಾಲದ ಕಂತು ಆ ರಾತ್ರಿಗೆ ಬೇಡ.

ಖರ್ಚಿನ ಮಾತು. ಎರಡು ಟಿಕೆಟ್, ಮೆಟ್ರೋ, ಆಟೊ, ಕಾಫಿ, ರಾತ್ರಿಯ ತಿಂಡಿ ಎಲ್ಲ ಸೇರಿದರೂ ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಉಳಿದ ಹಣವನ್ನು ಒಂದು ತಿಂಗಳ ಮಟ್ಟಿಗೆ ಮನೆಗೆಲಸದವರಿಗೆ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಸಂಬಳ ಕೊಡಲು ಬಳಸಿದರೆ, ನಾಲ್ಕು ವಾರಾಂತ್ಯಗಳಿಗೂ ಸ್ವಲ್ಪ ಬಿಡುವು ಹಂಚಿಕೆಯಾಗುತ್ತದೆ.

ಕೈಗೆ ಒಂದು ವಸ್ತುವೂ ಇರಲಿ

ಉಡುಗೊರೆ ಕೊಡುವುದರಲ್ಲೇ ಸಂತೋಷ ಕಾಣುವವರಿಗೆ ಬರಿಗೈಯಲ್ಲಿ ಹೋಗುವುದು ಕಷ್ಟ. ಹೋಗಬೇಕಿಲ್ಲ. ಸಮಯವನ್ನು ಹಿಡಿದುಕೊಳ್ಳಲು ಹಿಡಿಕೆಯಾಗುವ ವಸ್ತುವನ್ನು ಆರಿಸಿ. ಬೆಳಗಿನ ನಡಿಗೆಗೆ ಒಯ್ಯುವ ಕಾಫಿ ಫ್ಲಾಸ್ಕ್, ಇಬ್ಬರೂ ಸರದಿಯಲ್ಲಿ ಗಟ್ಟಿಯಾಗಿ ಓದುವ ಒಂದು ಕಾದಂಬರಿ, ಇಬ್ಬರೂ ಸೇರಿ ಹೋಗುವ ಸಂಗೀತ ಕಛೇರಿಯ ಸೀಸನ್ ಟಿಕೆಟ್. ಒಬ್ಬರೇ ಬಳಸಬಹುದಾದ ವಸ್ತು ಇಲ್ಲಿ ಅಷ್ಟು ಒದಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚೌಕಾಬಾರ. ಬಟ್ಟೆಯ ಮೇಲೆ ಕಸೂತಿ ಮಾಡಿದ ಅಥವಾ ಮರದಲ್ಲಿ ಕೊರೆದ ಹಾಸುಗಳು ಈಗ ಮತ್ತೆ ಸಿಗುತ್ತಿವೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ'ದ ಹೆಸರಿನಲ್ಲಿ ಇಂಥ ಹಳೆಯ ಆಟಗಳನ್ನು ಮಾಡಿಸಿ ಪ್ರದರ್ಶಿಸುತ್ತಾ ಬಂದಿದ್ದಾರೆ. ಐದಕ್ಕೆ ಐದು ಮನೆಗಳ ಹಾಸಿಗೆ ನಾಲ್ಕು ಕವಡೆ ಸಾಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು; ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಇಬ್ಬರೇ ಆಡಿದರೆ ಒಂದು ಆಟ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಕೈಗೆ ಕೆಲಸ, ಕಣ್ಣಿಗೆ ಹಾಸು, ನಡುನಡುವೆ ಮಾತು. ಎದುರುಬದುರು ಕೂತು 'ಮಾತಾಡೋಣ' ಎಂದರೆ ಬಾಯಿ ಕಟ್ಟಿಹೋಗುವ ಗಂಡಂದಿರಿಗೆ ಇದು ತುಂಬ ಅನುಕೂಲ. ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡರೆ ಕವಡೆಯ ಕೆಲಸವಾಗುತ್ತದೆ. ಹಾಸು ಕೊಡುವಾಗ ಮಾತ್ರ ಮೊದಲ ಆಟದ ದಿನ, ಹೊತ್ತು ಬರೆದೇ ಕೊಡಿ. ಬರೆಯದಿದ್ದರೆ ಅದೂ ಅಟ್ಟ ಸೇರುತ್ತದೆ.

ಒಬ್ಬರು ಇಲ್ಲಿ, ಒಬ್ಬರು ದುಬೈಯಲ್ಲೋ ಅಮೆರಿಕದಲ್ಲೋ ಇದ್ದರೂ ಇದೇ ತತ್ವ. ಕೊರಿಯರ್‌ನಲ್ಲಿ ಸುಗಂಧದ ಬಾಟಲಿ ಕಳಿಸುವ ಬದಲು ಒಂದೇ ಪುಸ್ತಕದ ಎರಡು ಪ್ರತಿ ಕೊಂಡು, ಭಾನುವಾರ ಇಂಥ ಹೊತ್ತಿಗೆ ಇಂಥ ಅಧ್ಯಾಯದ ಮಾತು ಎಂದು ನಿಗದಿ ಮಾಡಿ. ಆ ಹೊತ್ತು ಅವರ ಕಡೆ ನಿದ್ದೆಗೆಡಿಸುವಂತಿರಬಾರದು; ನಿದ್ದೆ ಕೆಡುವುದಾದರೆ ಅದು ಕೊಡುವವರದ್ದೇ ಆಗಿರಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ದಿನಾಂಕವಿಲ್ಲದ ಮಾತು ಕೊಡುವುದು ಮೊದಲನೆಯ ತಪ್ಪು. 'ಯಾವತ್ತಾದ್ರೂ ಕೊಡಗಿಗೆ ಕರ್ಕೊಂಡು ಹೋಗ್ತೀನಿ' ಎಂಬ ಚೀಟಿಯನ್ನು ಉಡುಗೊರೆಯೆಂದು ಕೊಟ್ಟರೆ, ಅದನ್ನು ನೆನಪಿಸುವ, ಕಾಯುವ, ಕೊನೆಗೆ ಬಿಟ್ಟುಬಿಡುವ ಕೆಲಸವೂ ಅವರದ್ದೇ ಆಗುತ್ತದೆ. ಸಮಯವನ್ನು ಬೆಲೆಯುಳ್ಳದ್ದೆಂದು ತಿಳಿದವರಿಗೆ ತಪ್ಪಿದ ಮಾತು ಕೊಡದ ಉಡುಗೊರೆಗಿಂತ ಹೆಚ್ಚು ನೋವು ಕೊಡುತ್ತದೆ.

ಎರಡನೆಯದು, ಪೂರ್ತಿ ಗುಟ್ಟಾಗಿಡುವುದು. ಶನಿವಾರ ಬೆಳಗ್ಗೆ 'ಹೊರಡು, ಎಲ್ಲಿಗೆ ಅಂತ ಕೇಳ್ಬೇಡ' ಎಂದರೆ ಸಿನಿಮಾದಲ್ಲಿ ಚೆಂದ. ಆ ದಿನಕ್ಕೆ ತನ್ನದೇ ಯೋಜನೆ ಹಾಕಿಕೊಂಡವಳಿಗೆ ಅದು ತನ್ನ ಹೊತ್ತನ್ನು ಕೇಳದೆ ತೆಗೆದುಕೊಂಡಂತೆ. ದಿನ, ಹೊರಡುವ ಹೊತ್ತು, ಮರಳುವ ಹೊತ್ತು ಮೊದಲೇ ತಿಳಿಸಿ. ಜಾಗ ಬೇಕಾದರೆ ಗುಟ್ಟಾಗಿರಲಿ.

ಇಬ್ಬರ ಸಂಜೆಯನ್ನು ನಿಧಾನವಾಗಿ ಹತ್ತು ಜನರ ಪ್ರವಾಸ ಮಾಡಿಬಿಡುವುದು ನಮ್ಮ ಮನೆಗಳಲ್ಲಿ ತುಂಬ ಸಲ ನಡೆಯುತ್ತದೆ. ಭಾವನ ಸಂಸಾರ ಸೇರಿಕೊಳ್ಳುತ್ತದೆ, ಅವರ ಮಕ್ಕಳು, ಕೊನೆಗೆ ಟೆಂಪೊ ಟ್ರಾವೆಲರ್. ಅದು ಬೇರೆ ಸಂತೋಷ, ಬೇರೆ ದಿನಕ್ಕಿರಲಿ. ಯಾರಾದರೂ ಬರುತ್ತೇವೆ ಎಂದರೆ 'ಮುಂದಿನ ವಾರ ಎಲ್ಲ ಸೇರೋಣ' ಎಂದು ಹೇಳುವ ದಾಕ್ಷಿಣ್ಯವಿಲ್ಲದ ಮಾತೂ ಉಡುಗೊರೆಯ ಭಾಗ. ಹಾಗೆಯೇ ನಿಮಗಿಷ್ಟವಾದ ಕ್ರಿಕೆಟ್ ಪಂದ್ಯಕ್ಕೆ ಅವರನ್ನು ಕರೆದೊಯ್ದು ಅದನ್ನು ಅವರ ಉಡುಗೊರೆ ಎಂದು ಕರೆಯಬೇಡಿ.

ಫೋಟೊಗಳು ಇನ್ನೊಂದು. ಒಂದೆರಡು ತೆಗೆದಿಟ್ಟುಕೊಳ್ಳಿ. ಸ್ಟೇಟಸ್ಸಿಗೆ ಹಾಕಿ ಬಂದ ಶುಭಾಶಯಗಳಿಗೆ ಅಲ್ಲೇ ಉತ್ತರಿಸುತ್ತಾ ಕೂತರೆ ನೀವು ಹೊರಟುಹೋದಿರಿ ಎಂದೇ ಲೆಕ್ಕ.

ಎಚ್ಚರಿಕೆ

ದಿನಾ ರಾತ್ರಿ ಹತ್ತಕ್ಕೆ ಬಂದು, ಊಟದ ತಟ್ಟೆಯ ಮುಂದೆ ಫೋನಿಟ್ಟುಕೊಂಡು, ವರ್ಷಕ್ಕೊಂದು ನಾಟಕ ತೋರಿಸಿದರೆ ಸಾಲದು. ಆ ಒಂದು ಸಂಜೆ ಉಳಿದ ದಿನಗಳ ಕೊರತೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಅಂಥ ಸ್ಥಿತಿಯಲ್ಲಿ ದೊಡ್ಡ ಯೋಜನೆ ಬಿಟ್ಟು ದಿನಕ್ಕೆ ಇಪ್ಪತ್ತು ನಿಮಿಷ, ಊಟದ ನಂತರ, ಫೋನು ಇನ್ನೊಂದು ಕೋಣೆಯಲ್ಲಿ ಎಂಬಷ್ಟರಿಂದ ಶುರುಮಾಡಿ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. 'ನನಗೆ ನಿನ್ನ ಸಮಯ ಬೇಕು' ಎಂಬ ಹೆಸರಿನಲ್ಲಿ ಸ್ನೇಹಿತೆಯರನ್ನು ಬಿಡು, ತವರಿಗೆ ಹೋಗಬೇಡ, ಕೆಲಸ ಬಿಡು, ಫೋನ್ ತೋರಿಸು ಎನ್ನುವುದು ಶುರುವಾದರೆ ಅದಕ್ಕೂ ಪ್ರೀತಿಯ ಭಾಷೆಗೂ ಸಂಬಂಧವಿಲ್ಲ. ಅದು ಹಿಡಿತ. ಅಲ್ಲಿ ಬೇಕಾದದ್ದು ಉಡುಗೊರೆಯ ಆಯ್ಕೆಯಲ್ಲ, ನಂಬಿಕಸ್ಥ ಹಿರಿಯರ ಅಥವಾ ಆಪ್ತ ಸಮಾಲೋಚಕರ ನೆರವು.

ಫಲಿಸಿತೋ ಇಲ್ಲವೋ ತಿಳಿಯುವುದು ಹೇಗೆ?

ಚೀಟಿ ಕೊಟ್ಟಾಗ ಅವರ ಮುಖ ನೋಡಿ ತೀರ್ಮಾನಿಸಬೇಡಿ. ಅನೇಕರಿಗೆ ಆಗ ಮೊದಲು ಬರುವುದು 'ಮನೆ ಕೆಲಸದ ಗತಿಯೇನು' ಎಂಬ ಯೋಚನೆಯೇ. ಎರಡು ಮೂರು ವಾರ ಕಾಯಿರಿ. ಆ ಸಂಜೆಯ ಪ್ರಸ್ತಾಪ ಅವರ ಬಾಯಲ್ಲಿ ತಾನಾಗಿ ಬರುತ್ತದೆಯೇ, ತಂಗಿಗೆ ಫೋನಿನಲ್ಲಿ ಹೇಳುತ್ತಾರೆಯೇ, 'ಮತ್ತೆ ಯಾವಾಗ?' ಎಂದು ಕೇಳುತ್ತಾರೆಯೇ ಗಮನಿಸಿ. ಮೌನವಾಗಿದ್ದರೆ ಸಮಯದ ಬಗೆಯನ್ನು ತಪ್ಪಾಗಿ ಗುರುತಿಸಿದ್ದಿರಬಹುದು. ನಾಟಕಕ್ಕೆ ಕರೆದೊಯ್ದಿರಿ, ಅವರಿಗೆ ಬೇಕಿದ್ದದ್ದು ನಿದ್ದೆ. "ಮುಂದಿನ ಸಲ ಹೀಗೇ ಹೊರಗೆ ಹೋಗೋಣ್ವಾ, ಅಥವಾ ಮನೆಯಲ್ಲೇ ಇರೋಣ್ವಾ, ಇಲ್ಲಾ ನಾನು ಪುಟ್ಟನ್ನ ಕರ್ಕೊಂಡು ಹೋಗಿ ನಿನಗೆ ಮನೆ ಬಿಟ್ಟುಕೊಡ್ಲಾ?" ಎಂದು ನೇರವಾಗಿ ಕೇಳಿ. ಮೂರು ಆಯ್ಕೆ ಮುಂದಿಟ್ಟರೆ ಉತ್ತರ ಸುಲಭ. 'ನಿನಗೇನು ಬೇಕು?' ಎಂದಷ್ಟೇ ಕೇಳಿದರೆ 'ಏನೂ ಬೇಡ' ಎಂಬ ಉತ್ತರವೇ ಬರುತ್ತದೆ.

ನಿಮ್ಮ ಪಾಲಿನದನ್ನೂ ಕೇಳಿಕೊಳ್ಳಿ. ಕೈಗೊಂದು ಪೊಟ್ಟಣ ಸಿಕ್ಕಾಗ ನಿಮ್ಮ ಮನಸ್ಸು ಅರಳುತ್ತದೆ ಎಂದಾದರೆ ಅದನ್ನು ಮುಚ್ಚಿಡಬೇಕಿಲ್ಲ. ವಸ್ತುಗಳಲ್ಲಿ ಆಸಕ್ತಿಯಿಲ್ಲದ ಸಂಗಾತಿಗೆ ನಿಮ್ಮ ಹುಟ್ಟುಹಬ್ಬಕ್ಕೆ ಏನು ತರಬೇಕೆಂದು ನಿಜಕ್ಕೂ ಹೊಳೆಯುವುದಿಲ್ಲ. ಮೂರು ನಾಲ್ಕು ವಸ್ತುಗಳ ಹೆಸರನ್ನು, ಬೆಲೆ ಮತ್ತು ಅಂಗಡಿಯ ಸಮೇತ, ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಯಾವುದನ್ನು ತರುತ್ತಾರೆ ಎಂಬ ಕುತೂಹಲ ನಿಮಗೆ ಉಳಿಯುತ್ತದೆ, ಅಂಗಡಿ ಅಲೆಯುವ ಹೊತ್ತು ಅವರಿಗೆ ಉಳಿಯುತ್ತದೆ.